ಮೆಣಸಿನಕಾಯಿ ಚೀಟಿಯ ಹಿಂಬದಿ

ನನ್ನ ಅಕ್ಕನ ಮಗಳು ಮೊದಲ ಸಲ ಎಸ್ಸೆಸ್ಸೆಲ್ಸಿ ಗಣಿತದ ಪೇಪರ್ ಬರೆಯಲು ಹೊರಟ ದಿನ ಬ್ಯಾಡಗಿಯ ಅವರ ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತ್ತು. ಒಬ್ಬಾಕೆ ಮೊಸರು ಸಕ್ಕರೆ ತಿನ್ನಿಸಿದಳು, ಇನ್ನೊಬ್ಬಾಕೆ ಅದರ ಮೇಲೆ ಬೆಲ್ಲ ತುರುಕಿದಳು. "ನಮ್ಮ ಮನಿತನದ ಹೆಸರು ಉಳಸವಾ" ಎಂದು ದೊಡ್ಡಪ್ಪ. "ನಿನ್ನ ಮ್ಯಾಲೆ ಭಾಳ ಆಸೆ ಇಟ್ಟೇವಿ" ಎಂದು ನನ್ನ ಅಕ್ಕ. ಪಕ್ಕದ ಮನೆಯ ಅಜ್ಜಿಯಂತೂ, "ನಿಮ್ಮಪ್ಪ ನಾಕನೇ ಇಯತ್ತೆಗೆ ಸಾಲಿ ಬಿಟ್ಟ, ನೀನರ ದಾಟು" ಎಂದು ಅಪ್ಪನ ಎದುರಿಗೇ ಹೇಳಿಬಿಟ್ಟಳು.

ಹುಡುಗಿ ಗಣಿತ ಬಿಟ್ಟು ಉಳಿದೆಲ್ಲದರಲ್ಲಿ ಪಾಸಾದಳು. ಪ್ರಶ್ನೆಪತ್ರಿಕೆ ತೆರೆದ ಕೂಡಲೇ ಲೆಕ್ಕದ ಬದಲು ಬಾಗಿಲಲ್ಲಿ ನಿಂತವರ ಮುಖಗಳೇ ಸಾಲಾಗಿ ಕಂಡವೆಂದು ಆಮೇಲೆ ನನಗೊಬ್ಬಳಿಗೇ ಹೇಳಿದಳು. ಅಕ್ಟೋಬರಿನ ಪರೀಕ್ಷೆಗೆ ಕೂರಲು ಒಪ್ಪಲೇ ಇಲ್ಲ. ಮುಂದಿನ ವರ್ಷ, "ಇದೊಂದ ಸಲ ಬರೀತೇನಿ ಚಿಗವ್ವಾ. ಈಗೂ ಹೋದ್ರ ಮತ್ತ ನನ್ನ ಮುಂದ ಸಾಲಿ ಸುದ್ದಿ ತಗೀಬಾರದು" ಎಂದು ಹೇಳಿ, ರಾಣೆಬೆನ್ನೂರಿನ ಪರೀಕ್ಷಾ ಕೇಂದ್ರ ಹಾಕಿಸಿಕೊಂಡು ಅಲ್ಲಿನ ನಮ್ಮ ಮನೆಗೆ ಬಂದಳು. ಜೊತೆಗೆ ಒಂದು ಷರತ್ತೂ ಬಂತು. ಯಾರೂ ಶುಭ ಹಾರೈಸಕೂಡದು.

ಬಾಗಿಲು ಕಾಯುವ ಕೆಲಸ ನನ್ನದಾಯಿತು. ನಾನು ಪ್ರೈಮರಿ ಶಾಲೆಯ ಮಾಸ್ತರಣಿ. ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ಊರಿಗೆಲ್ಲ ಹೇಳಿಕೊಡುವವಳು, ನನಗೇನು ತಿಳಿಯದು ಎಂಬ ಸೊಕ್ಕಿತ್ತು. ಹೆಸರು ಉಳಿಸು ಎನ್ನುವವರನ್ನೆಲ್ಲ ಮೆಟ್ಟಿಲ ಮೇಲೆಯೇ ಚಹಾ ಕೊಟ್ಟು ಸಾಗಹಾಕಿದೆ. ಆದರೆ ನನ್ನ ಬಾಯಿಯೇ ಸುಮ್ಮನಿರಲಿಲ್ಲ.

"ಹೆದರಬ್ಯಾಡವಾ" ಎಂದೆ ಒಂದು ಬೆಳಿಗ್ಗೆ.

"ನಾ ಹೆದರಿದ್ದಿಲ್ಲ. ನೀ ಅಂದ ಮ್ಯಾಲೆ ನೆನಪಾತು" ಎಂದಳು.

"ಪೇಪರ್ ಹಗರ ಇರ್ತೈತಿ ತಗೊ."

"ಕಠಿಣ ಬಂದ್ರ? ಹಗರ ಪೇಪರೂ ಬರಲಿಲ್ಲಂತ ಡಬಲ್ ಅಳಬೇಕಾಗ್ತೈತಿ."

"ನೀ ಪಾಸಾಗೇ ಆಗ್ತಿ, ನನಗ ಗ್ಯಾರಂಟಿ ಐತಿ."

"ಚಿಗವ್ವಾ, ನೀ ಗ್ಯಾರಂಟಿ ಕೊಟ್ರ ಅದನ್ನ ತೀರಸಾಕಿ ನಾನು."

ಸಿಟ್ಟು ಬಂತು. ಬಾಯಿಂದ ಆಗದ್ದನ್ನು ಬರೆದು ತೋರಿಸುತ್ತೇನೆಂದು ಹಾಳೆ ಹಿಡಿದು ಕುಳಿತೆ. ಮೊದಲ ಪತ್ರ ಎರಡು ಪುಟವಾಯಿತು, ಅದರಲ್ಲಿ ಒಂದು ಪುಟ ನಾನು ಪರೀಕ್ಷೆ ಬರೆದ ಕಾಲದ ಕಷ್ಟ. ಹರಿದೆ. ಎರಡನೆಯದರಲ್ಲಿ "ಫಲಿತಾಂಶ ಏನೇ ಬಂದರೂ" ಎಂಬುದು ಮೂರು ಸಲ ಬಂದು, ಓದಿದರೆ ಫೇಲಾದವಳಿಗೆ ಸಮಾಧಾನ ಹೇಳಿದಂತಿತ್ತು. ಅದನ್ನೂ ಹರಿದೆ. ಕೊನೆಗೆ ಉಳಿದದ್ದು ಎರಡೇ ಸಾಲು. "ಹಾಲ್ ಟಿಕೆಟ್, ಎರಡು ಪೆನ್ನು ಇಟ್ಟಿದ್ದೇನೆ. ಸಂಜೆ ಮಿರ್ಚಿ ಮಂಡಕ್ಕಿ ಮಾಡುತ್ತೇನೆ." ಹುಡುಗಿ ಓದಿ ತಲೆದೂಗಿದಳು. ಬಹುಮಾನ ಬಂದಷ್ಟು ಸಂತೋಷ ನನಗೆ. ಪರೀಕ್ಷೆಯ ಕೋಣೆಯೊಳಗೆ ಒಂದು ಚೂರು ಕಾಗದವೂ ಹೋಗಬಾರದೆಂದು ಅದನ್ನು ಕನ್ನಡಿಗೆ ಸಿಕ್ಕಿಸಿದಳು.

ಪರೀಕ್ಷೆಯ ಹಿಂದಿನ ದಿನ ಸಂಜೆ ಅವಳ ಅಪ್ಪ ಬ್ಯಾಡಗಿಯಿಂದ ಬಸ್ಸು ಹಿಡಿದು ಬಂದರು. ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತರು. ಅಂಗಿ ಕೊಡವಿದರೆ ಸಾಕು, ಎದುರಿಗಿದ್ದವರು ಸೀನಬೇಕು. ನಾನು ಅವರನ್ನೂ ಮೆಟ್ಟಿಲ ಮೇಲೆಯೇ ನಿಲ್ಲಿಸಿ ಪಾಠ ಮಾಡಿದೆ.

"ಮಾಮಾ, ಪಾಸು ಅನ್ನಬ್ಯಾಡ್ರಿ. ಫೇಲೂ ಅನ್ನಬ್ಯಾಡ್ರಿ. ಹೋದ ವರ್ಷದ್ದು ತಗೀಬ್ಯಾಡ್ರಿ. ಆಸೆ, ಭರವಸೆ, ಮರ್ಯಾದಿ ಒಂದೂ ಬ್ಯಾಡ."

"ಮತ್ತೇನು ಮಾತಾಡ್ಲಿ?"

"ಊಟ, ನೀರು, ಹವಾ."

ಪಾಪ, ಒಂದು ತಾಸು ಅವರು ಮಗಳ ಎದುರು ಕುಳಿತು ಹವಾದ ಬಗ್ಗೆ ಮಾತಾಡಿದರು. ಬಿಸಿಲು ಭಾಳ ಐತಿ ಎಂದರು. ನಿನ್ನೆಯೂ ಇತ್ತು ಎಂದರು. ನಾನು ಬಾಗಿಲ ಬಳಿ ಪೊಲೀಸಿನಂತೆ ನಿಂತಿದ್ದೆ. ತುಟಿಯವರೆಗೆ ಬಂದದ್ದನ್ನು ಚಹಾದ ಜೊತೆ ನುಂಗುವುದು ಕಾಣುತ್ತಿತ್ತು. ಹೊರಡುವಾಗ, "ನಾಳೆ ಪ್ಯಾಟಿ ದಿನ, ನಾ ಬರೂದು ಆಗೂದಿಲ್ಲ" ಎಂದು ಹೇಳಿ, ಮೇಜಿನ ಮೇಲಿದ್ದ ಅವಳ ಕಂಪಾಸ್ ಬಾಕ್ಸನ್ನು ಒಮ್ಮೆ ತೆರೆದು ಮುಚ್ಚಿದರು. ಪೆನ್ಸಿಲ್ ಕೆತ್ತಿದೆಯೋ ಇಲ್ಲವೋ ನೋಡುತ್ತಿದ್ದಾರೆಂದುಕೊಂಡೆ.

ಪರೀಕ್ಷೆಯ ದಿನ ಗೇಟಿನ ಹತ್ತಿರ ನಾನು "ಸಂಜಿಮುಂದ ಮೆಣಸಿನಕಾಯಿ ಉದ್ದಾನ್ವು ತರ್ಲೋ, ಗಿಡ್ಡಾನ್ವು ತರ್ಲೋ?" ಎಂದಷ್ಟೇ ಕೇಳಿದೆ. "ಉದ್ದಾನ್ವು" ಎಂದು ಹೇಳಿ ಒಳಗೆ ಹೋದಳು. ಮುಂದಿನದು ಅವಳೇ ಹೇಳಿದ್ದು.

ಉತ್ತರಪತ್ರಿಕೆ ಹಂಚಿದ ಮೇಲೆ ಮೇಲ್ವಿಚಾರಕರು ಕಂಪಾಸ್ ಬಾಕ್ಸುಗಳನ್ನು ನೋಡುತ್ತ ಬಂದರು. ಇವಳದ್ದು ತೆರೆದರೆ ಕೋನಮಾಪಕದ ಕೆಳಗೆ ಮಡಚಿದ ಚೀಟಿ! ಬಿಚ್ಚಿದರೆ ಅಂಕಿಗಳು. ಬ್ಯಾಡಗಿ ಪ್ಯಾಟಿಯಲ್ಲಿ ರೈತರ ಒಂದೊಂದು ರಾಶಿಗೂ ಒಂದು ಲಾಟ್ ನಂಬರು. ಕೊಳ್ಳುವವರು ಚೀಟಿಯಲ್ಲಿ ಅದನ್ನೂ ತಾವು ಕೊಡುವ ದರವನ್ನೂ ಬರೆದು ಡಬ್ಬಿಗೆ ಹಾಕುತ್ತಾರೆ. ನಮ್ಮ ಮಾಮಾ ಕಿರಾಣಿ ಪಟ್ಟಿಯಿಂದ ಹಿಡಿದು ಬೀಗರ ಪತ್ರದವರೆಗೆ ಎಲ್ಲವನ್ನೂ ಅಂಥ ಉಳಿದ ಚೀಟಿಗಳ ಮೇಲೆಯೇ ಬರೆಯುವವರು. ಗಣಿತದ ಪರೀಕ್ಷೆಯಲ್ಲಿ ಅಂಕಿ ತುಂಬಿದ ಚೀಟಿ ಏನು ಮಾಡಬಲ್ಲದೆಂದು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಪಾಸು, ಫೇಲು ಎನ್ನಬೇಡಿ ಎಂದು ಅಷ್ಟೆಲ್ಲ ಪಾಠ ಮಾಡಿದ ನಾನು ಇದೊಂದನ್ನು ಹೇಳಿರಲಿಲ್ಲ.

"ಏನಿದು? ಎದ್ದು ನಿಲ್ಲು" ಎಂದರಂತೆ ಅವರು.

ಹುಡುಗಿ ಎದ್ದು ನಿಂತಳು. ಈ ಸಲ ಬರೆಯುವ ಮೊದಲೇ ಹೊರಗೆ. ಅಪ್ಪನ ಅಕ್ಷರ ಗುರುತು ಸಿಕ್ಕಿ, "ಸರ್, ಅದು ಮೆಣಸಿನಕಾಯಿ ಲಾಟ್ ರೀ. ಅಪ್ಪ ಇಟ್ಟಾನ, ನನಗ ಗೊತ್ತಿಲ್ರಿ" ಎಂದಳು. ಅವರು ನಂಬದೆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಹಿಡಿದವರೇ ಸೀನಿದರು. ಒಂದಲ್ಲ, ನಾಲ್ಕು. ಇಡೀ ಕೋಣೆ ನಕ್ಕಿತು. ಮೂಗು ಒರೆಸಿಕೊಂಡು ಚೀಟಿಯ ಹಿಂಬದಿ ಓದಿದರು, ಎರಡು ಸಲ ಓದಿದರು. ಆಮೇಲೆ ತಮ್ಮ ಮೇಜಿನ ಮೇಲೆ ಡಸ್ಟರಿನ ಕೆಳಗಿಟ್ಟು, "ಕುಂದ್ರವಾ, ಬರಿ. ಪೇಪರ್ ಮುಗದ ಮ್ಯಾಲೆ ತಗೊಂಡು ಹೋಗು" ಎಂದರು. ಅವಳು ಮೊದಲ ಲೆಕ್ಕ ನಗುತ್ತಲೇ ಬಿಡಿಸಿದಳಂತೆ.

ಇದೇನೂ ಗೊತ್ತಿಲ್ಲದೆ ನಾನು ಗೇಟಿನ ಹೊರಗೆ ಕಾಯುತ್ತಿದ್ದೆ. ನೋಡಿದರೆ ಬೇವಿನ ಮರದ ಕೆಳಗೆ ಮಾಮಾ! ಪ್ಯಾಟಿ ದಿನ ಅಂಗಡಿ ಬಿಟ್ಟು ಬಂದಿದ್ದರು; ಬರೂದು ಆಗೂದಿಲ್ಲ ಎಂದದ್ದು ನನ್ನ ಕಾವಲು ತಪ್ಪಿಸಲು. ಕೈಯಲ್ಲಿ ಬಾಳೆಹಣ್ಣು. "ಮಾತಾಡೂದಿಲ್ಲ ಬಿಡು. ಸುಮ್ನ ನಿಲ್ತೇನಿ" ಎಂದರು ನನ್ನನ್ನು ಕಂಡ ಕೂಡಲೇ.

ಗಂಟೆ ಹೊಡೆಯಿತು. ಹುಡುಗಿ ಹೊರಗೆ ಬಂದಳು. ಎರಡು ವಾರ ಊರವರ ಬಾಯಿಗೆಲ್ಲ ಬೀಗ ಹಾಕಿದ ನಾನು ಮುನ್ನುಗ್ಗಿ, "ಹೆಂಗಾತವಾ? ಎಷ್ಟು ಬಿಟ್ಟಿ? ಪಾಸಾಗ್ತೈತಿಲ್ಲೊ?" ಎಂದು ಒಂದೇ ಉಸಿರಿನಲ್ಲಿ ಕೇಳಿಬಿಟ್ಟೆ. ಮಾಮಾ ನನ್ನನ್ನು ಹಿಂದಕ್ಕೆ ಸರಿಸಿ, "ಹಸಿವಾಗೇತೇನ ಮಗಳ?" ಎಂದು ಹಣ್ಣು ಸುಲಿದುಕೊಟ್ಟರು. ಹುಡುಗಿ ಮುಷ್ಟಿ ಬಿಚ್ಚಿ ಚೀಟಿಯನ್ನು ನನ್ನ ಕೈಗಿಟ್ಟಳು.

ಮೊದಲ ಸಾಲು "ಈ ಸಲ ಪಾಸಾಗ" ಎಂದು ಶುರುವಾಗಿ ಅಲ್ಲೇ ನಿಂತಿತ್ತು. ಅದರ ಮೇಲೆ ಕಾಗದ ಹರಿಯುವಷ್ಟು ಗೀಟು ಎಳೆದಿದ್ದರು. ಕೆಳಗೆ ಹೀಗಿತ್ತು: "ಬಂದಷ್ಟು ಬರಿ. ಬರದಿದ್ದು ಇರ್ಲಿ. ನಾ ಗೇಟಿನ ಹತ್ರ ಇರ್ತೇನಿ."

ಆ ಗೀಟು ನೋಡಿ ನನ್ನ ಕಣ್ಣು ತುಂಬಿತು. ಅಷ್ಟು ಆಸೆಯಿದ್ದ ಮನುಷ್ಯ ಅದನ್ನು ಒಬ್ಬನೇ ಕುಳಿತು ಹೊಡೆದುಹಾಕಿದ್ದ. ನಾನು ಕಣ್ಣೊರೆಸಿಕೊಂಡು, ಅದೇ ಕೈ ಮೂಗಿಗೆ ತಾಗಿ, ಅಲ್ಲೇ ರಸ್ತೆಯಲ್ಲಿ ಸೀನತೊಡಗಿದೆ.

ಹುಡುಗಿ ಪಾಸಾದಳು, ಆದರೆ ಅದು ತಿಳಿದದ್ದು ಎಷ್ಟೋ ವಾರದ ನಂತರ. ಆ ಸಂಜೆ ನಮ್ಮ ಮನೆಯಲ್ಲಿ ಮೂವರೂ ಮಿರ್ಚಿ ತಿಂದೆವು. ಪೇಪರಿನ ಸುದ್ದಿ ಯಾರೂ ಎತ್ತಲಿಲ್ಲ. ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮಾಮಾ ನನ್ನ ಕೈಗೆ ಇನ್ನೊಂದು ಮಿರ್ಚಿ ಕೊಟ್ಟು, "ಹವಾ ಭಾಳ ಬಿಸಿ ಐತಿ, ಅಲ್ಲೇನವಾ?" ಎಂದರು.