ತ್ರೀ ಫೇಜ್ ಬಂದರೆ ಆಟ ಮುಗಿಯಿತು

ಅಕ್ಕನ ಕೈಯಲ್ಲಿ ಬರೀ ಏಳರ ಜೋಡಿ ಇತ್ತು. ಚಾಪೆಯ ನಡುವೆ ಬಿಚ್ಚಿದ ಇಸ್ಪೀಟು ಎಲೆಗಳಲ್ಲಿ ಒಂದೂ ಏಳಿರಲಿಲ್ಲ. ನನ್ನ ಹತ್ತಿರ ಮೂರು ರಾಜರಿದ್ದರು. ಆದರೂ ಅವಳು ತನ್ನದೆಲ್ಲವನ್ನೂ ಮುಂದಕ್ಕೆ ತಳ್ಳಿದಳು. ಕೊನೆಯ ಎರಡು ಎಲೆ ಏಳು, ಏಳು ಎಂದು ಬಿದ್ದು ಅವಳಿಗೆ ನಾಲ್ಕು ಏಳಾದವು. ನಾನು ಸೋತೆ.

ಇದನ್ನು ನಾನು ವಿಜಯಪುರದ ನಮ್ಮ ಸಾಲೆಯ ಸ್ಟಾಫ್ ರೂಮಿನಲ್ಲಿ ಕಡಿಮೆ ಎಂದರೂ ನಾಲ್ಕು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಕೇಳಿದವರು ಅಯ್ಯೋ ಎಂದು ಲೊಚಗುಟ್ಟಿದ್ದಾರೆ. ಇದು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ. ನನಗೆ ಹಾಗೆಯೇ ನೆನಪಿತ್ತು.

ಮೊದಲಿನಿಂದ ಬರೆಯುತ್ತೇನೆ.

ಅಕ್ಕನ ಮನೆ ತಿಕೋಟಾದ ಹೊರಗೆ, ತೋಟದಲ್ಲಿ. ಅವಳ ಗಂಡ, ನನ್ನ ಮಾವ, ದ್ರಾಕ್ಷಿ ಬೆಳೆಯುತ್ತಾನೆ. ಒಣದ್ರಾಕ್ಷಿಯೆಲ್ಲ ಇಳಿದ ಮೇಲೆ ಒಣಗಿಸುವ ಶೆಡ್ಡು ಖಾಲಿ ಬೀಳುತ್ತದೆ. ಬಲೆಗಳನ್ನು ಸುತ್ತಿಟ್ಟಿರುತ್ತಾರೆ, ನೆಲದಲ್ಲಿ ಮಾತ್ರ ಸಿಹಿ ಜಿಗುಟು ಉಳಿದಿರುತ್ತದೆ. ಭಾನುವಾರ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿಕೊಂಡು ನಾವು ನಾಲ್ವರು ಪೋಕರ್ ಆಡುತ್ತಿದ್ದೆವು: ಅಕ್ಕ, ಮಾವ, ನಾನು, ಮತ್ತೆ ಬಬಲೇಶ್ವರದಲ್ಲಿ ಔಷಧ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಒಬ್ಬೊಬ್ಬರಿಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಐದರಲ್ಲಿ ಮೊದಲು ಮೂರು ಬಿಚ್ಚುತ್ತಾರೆ, ಆಮೇಲೆ ಒಂದು, ಆಮೇಲೆ ಇನ್ನೊಂದು. ದುಡ್ಡು ಕಟ್ಟುವ ಹಾಗಿಲ್ಲ ಎಂಬುದು ಅಕ್ಕನ ಕರಾರು. ಅವಳು ಊರಿನವರಿಗೆ ಕುಪ್ಪಸ ಹೊಲಿದುಕೊಡುತ್ತಾಳೆ. ಅವಳ ಡಬ್ಬಿಯ ಗುಂಡಿಗಳೇ ನಮ್ಮ ಹಣ, ಶುರುವಿಗೆ ಎಲ್ಲರಿಗೂ ಸಮ ಪಾಲು. ಬಿಳಿದು ಒಂದು, ಕೆಂಪು ಐದು, ಕೋಟಿನ ದೊಡ್ಡ ಕರಿ ಗುಂಡಿ ಇಪ್ಪತ್ತೈದು.

ಅವಳ ಮದುವೆಯಾದ ಮೇಲೆ ನಾವಿಬ್ಬರೂ ಕಾರ್ಯಗಳಲ್ಲಿ ಮಾತ್ರ ಸಿಗುವವರಾಗಿದ್ದೆವು. ಊಟ ಆಯಿತಾ, ಮಕ್ಕಳು ಹೇಗಿದ್ದಾರೆ, ಅಷ್ಟೇ. ಆಟ ಕಲಿಸಿದವನು ನಾನು. ಕಲಿತು ನನ್ನನ್ನು ಸೋಲಿಸತೊಡಗಿದವಳು ಅವಳು. ಭಾನುವಾರ ಹತ್ತು ಗಂಟೆಗೆ ಫೋನ್ ಮಾಡಿ, "ಬರ್ತೀಯೋ, ಹೆದರಿ ಕುಂತೀಯೋ?" ಎನ್ನುತ್ತಿದ್ದಳು. ನಲವತ್ತು ದಾಟಿದ ಮೇಲೆ ಅಕ್ಕ ನನಗೆ ಎರಡನೆಯ ಸಲ ಸಿಕ್ಕಿದ್ದಳು.

ಆಟ ಯಾವಾಗ ಮುಗಿಯಬೇಕು ಎಂಬುದನ್ನು ನಾವು ತೀರ್ಮಾನಿಸುತ್ತಿರಲಿಲ್ಲ. ತೋಟದ ಮೋಟರಿಗೆ ತ್ರೀ ಫೇಜ್ ಕರೆಂಟು ಪಾಳಿಯ ಪ್ರಕಾರ ಬರುತ್ತದೆ. ಆಗ ಅದು ನಾಲ್ಕರ ಹೊತ್ತಿಗೆ ಬರುತ್ತಿತ್ತು. ಶೆಡ್ಡಿನ ಕಂಬದ ಪೆಟ್ಟಿಗೆಯಲ್ಲಿ ದೀಪ ಹತ್ತಿದರೆ ಮಾವ ಎದ್ದು ಮೋಟರ್ ಹಾಕಿ, ಹನಿ ನೀರಾವರಿಯ ವಾಲ್ ತಿರುಗಿಸಲು ಹೋಗುತ್ತಿದ್ದ. ಗೆದ್ದವನು ಗೆದ್ದ, ಸೋತವನು ಸೋತ. ಎಲೆ ಡಬ್ಬಿಗೆ. ಅದಕ್ಕಿಂತ ಒಳ್ಳೆಯ ನಿಯಮವನ್ನು ನಾನು ಇವತ್ತಿಗೂ ಕಂಡಿಲ್ಲ.

ಆ ಭಾನುವಾರ ಏಳರ ಎಲೆ ಬಿದ್ದಾಗ ಮೂರೂವರೆ ಆಗಿತ್ತು. ಗೆಳೆಯ ಮೆಲ್ಲಗೆ, "ಬ್ಯಾಡ್ ಬೀಟ್ ಅಂದ್ರ ಇದ ನೋಡಪಾ," ಎಂದ. ಗೆಲ್ಲುವ ಕೈ ಇಟ್ಟುಕೊಂಡು, ತಪ್ಪು ಮಾಡದೆ, ಕೊನೆಯ ಎಲೆಗೆ ಸೋಲುವುದು. ನಾನು ನಕ್ಕೆ. ನಕ್ಕೆ ಎಂದು ನೆನಪು. ಡಬ್ಬಿಯಿಂದ ಇನ್ನೊಂದು ಪಾಲು ಗುಂಡಿ ತೆಗೆದುಕೊಂಡೆ. ಆಮೇಲೆ ಬಂದ ಎಲೆಗೆಲ್ಲ ಆಡಿದೆ. ಎರಡು, ಒಂಬತ್ತರಂಥ ಕೆಲಸಕ್ಕೆ ಬಾರದ ಎಲೆ ಬಂದರೂ ಆಡಿದೆ. ಬೇರೆಯವರು ಯೋಚಿಸುತ್ತಿದ್ದರೆ, "ಹಾಕ್ರಿ ಲಗೂನ" ಎಂದು ಅವಸರ ಮಾಡಿದೆ. ನನಗೆ ಬೇಕಾಗಿದ್ದುದು ಒಳ್ಳೆಯ ಕೈಯಲ್ಲ; ಅಕ್ಕನ ಮುಂದಿದ್ದ ನನ್ನ ಕರಿ ಗುಂಡಿಗಳು.

ನಾಲ್ಕಕ್ಕೆ ದೀಪ ಹತ್ತಿತು. ಮಾವ ಎದ್ದ.

"ಇನ್ನೊಂದ ಆಟ ಮಾವಾ. ಆಟೋ ಹಾಕಿಬಿಡು, ಮೋಟರ್ ತಾನ ಚಾಲೂ ಆಗತೈತಿ."

ಆಟೋ ಸ್ಟಾರ್ಟರನ್ನು ಮಾವ ಆ ತಿಂಗಳಷ್ಟೇ ಕೂಡಿಸಿದ್ದ. ನನ್ನ ಮುಖ ನೋಡಿದ, ಅದರ ಸ್ವಿಚ್ ಒತ್ತಿದ, ಬಂದು ಕುಳಿತ. ಮೋಟರ್ ತಾನೇ ಓಡಿತು. ವಾಲ್ ತಾನೇ ತಿರುಗುವುದಿಲ್ಲ. ಒಂದು ತಾಸು ಒಂದೇ ಪ್ಲಾಟಿಗೆ ನೀರು ಹೋಯಿತು, ಆ ತಾಸಿನಲ್ಲಿ ನಾನು ಎರಡನೆಯ ಪಾಲನ್ನೂ ಕಳೆದುಕೊಂಡೆ. ಅಕ್ಕ ಗುಂಡಿಗಳನ್ನು ಎಳೆದುಕೊಳ್ಳುತ್ತಿದ್ದಳು. ಆಗ ನಾನು ಹೇಳಿದೆ:

"ನಿನಗ ಆಟ ಬರೂದಿಲ್ಲ ಬೇ. ಗುಂಡಿ ಹಚ್ಚಾಕ ಬರತೈತಿ, ಅಷ್ಟ."

ಈ ಮಾತಿನ ಒಂದಕ್ಷರವನ್ನೂ ನೆನಪು ತಿದ್ದಿಲ್ಲ. ತಿದ್ದಿದ್ದರೆ ಚೆನ್ನಾಗಿತ್ತು.

ಅವಳು ಎಲೆಗಳನ್ನು ಜೋಡಿಸಿ ಡಬ್ಬಿಗೆ ಹಾಕಿದಳು. "ಎಮ್ಮಿಗೆ ಮೇವ ಹಾಕೂದೈತಿ," ಎಂದು ಎದ್ದು ಹೋದಳು.

ಮುಂದಿನ ಭಾನುವಾರ ಹತ್ತಕ್ಕೆ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸ್ಟಾಫ್ ರೂಮಿನಲ್ಲಿ ಏಳರ ಕಥೆ ಹೇಳಿದ್ದು ಆ ಹದಿನೈದು ದಿನಗಳಲ್ಲೇ. ಪ್ರತಿ ಸಲವೂ ಅಕ್ಕನ ಕೈ ಇನ್ನಷ್ಟು ಬಡವಾಗುತ್ತಿತ್ತು.

ಮೂರನೆಯ ಭಾನುವಾರ ತಡೆಯಲಾರದೆ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಗೆಳೆಯ ಅಂಗಡಿಯ ಕಟ್ಟೆಯ ಹಿಂದೆ ಕುಳಿತಿದ್ದ. ಅವನಿಗೊಂದು ಚಟ. ದೊಡ್ಡ ಕೈ ನಡೆದಾಗಲೆಲ್ಲ, ಯಾವುದೋ ಔಷಧ ಕಂಪನಿ ಕೊಟ್ಟ ಚೀಟಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಪುಸ್ತಕ ತೆಗೆದು ನನ್ನ ಮುಂದೆ ತಿರುಗಿಸಿದ.

"ಓದಪಾ ಮಾಸ್ತರ. ಮೊದಲ ಬಿಚ್ಚಿದ ಮೂರು ಎಲಿ ಯಾವು?"

ರಾಜ, ಏಳು, ಎರಡು.

ಏಳು ಮೊದಲೇ ಅಲ್ಲಿತ್ತು. ಅಂದರೆ ನನಗೆ ಮೂರು ರಾಜರಾದಾಗಲೇ ಅಕ್ಕನಿಗೆ ಮೂರು ಏಳು ಆಗಿದ್ದವು. ಆಮೇಲೆ ಬಂದದ್ದು ನಾಲ್ಕು. ಕೊನೆಗೆ ಬಂದದ್ದು ಒಂದೇ ಏಳು, ಉಳಿದಿದ್ದ ಒಂದೇ ಒಂದು.

"ಮೂರು ಏಳು ಹಿಡಕೊಂಡು ಯಾರ ಬಿಡ್ತಾರ? ನೀ ಬಿಡ್ತಿದ್ದಿ?"

"ಇಲ್ಲ."

"ಮತ್ತ ಆಕಿಗೆ ಆಟ ಬರೂದಿಲ್ಲ ಅಂದಿ."

ನಾನು ಗಣಿತ ಕಲಿಸುವವನು. ನಮ್ಮಿಬ್ಬರಿಗೂ ಕಾಣದ ಎಲೆ ನಲವತ್ತೈದು, ಬೀಳಬೇಕಾದದ್ದು ಎರಡು, ಅವಳಿಗೆ ಬೇಕಾದದ್ದು ಒಂದು. ನಲವತ್ತೈದರಲ್ಲಿ ಎರಡು ಪಾಲು ಸಾಧ್ಯತೆ. ಸರಾಸರಿ ಇಪ್ಪತ್ತೆರಡು ಇಪ್ಪತ್ಮೂರು ಸಲಕ್ಕೊಮ್ಮೆ ಆಗುವಂಥದ್ದು. ಮಕ್ಕಳಿಗೆ ಇದನ್ನೇ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಚಾಪೆಯ ಮೇಲೆ ಅದು ನನಗಾದ ಅನ್ಯಾಯವಾಗಿತ್ತು.

"ಇದಕ್ಕ ಟಿಲ್ಟ್ ಅಂತಾರ," ಗೆಳೆಯ ಹೇಳಿದ. "ಸೋತಿದ್ದಕ್ಕಲ್ಲ. ಸೋತ ಮ್ಯಾಲ ತಲಿ ವಾಲತೈತಿ ನೋಡು, ಅದಕ್ಕ. ತಲಿ ವಾಲಿದಾವಗ ತನ್ನ ತಲಿ ವಾಲೈತಿ ಅಂತ ತಿಳಿಯೂದಿಲ್ಲ. ಹೊರಗಿನ ಗುರುತು ಹಿಡೀಬೇಕು. ನಿಂದು ಹೇಳ್ಲ್ಯಾ? ಒಂದು, ಬಲಗಿವಿ ತಿಕ್ಕೋತಿ. ಎರಡು, ಗುಂಡಿ ಒಂದರ ಮ್ಯಾಲೊಂದು ಜೋಡಸೂದು ಬಿಟ್ಟು ರಾಶಿ ಮಾಡ್ತಿ. ಮೂರು, 'ಲಗೂನ' ಅಂತಿ."

"ನಿಂದೇನು?"

"ನಾ ಹಾಡ್ತೀನಿ. ನಿಮ್ಮ ಮಾವಗ ಕೇಳು, ಹೇಳ್ತಾನ."

ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅವನು ಬೈಕ್ ತೆಗೆದ. ತಿಕೋಟಾದ ದಾರಿಯುದ್ದಕ್ಕೂ ನಾನು ಹಿಂದೆ ಕುಳಿತು ಕ್ಷಮೆಯ ವಾಕ್ಯಗಳನ್ನು ಕಟ್ಟಿದೆ, ಕೆಡವಿದೆ. ಅಕ್ಕ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ತಲೆ ಎತ್ತಲಿಲ್ಲ.

"ಯಕ್ಕಾ, ನಿನಗ ಮೂರು ಏಳು ಇದ್ದೂವು."

"ನನಗ ಗೊತ್ತೈತಿ."

"ನನಗ ಗೊತ್ತಿದ್ದಿಲ್ಲ. ತಪ್ಪ ಮಾತಾಡಿದೆ."

ಯಂತ್ರ ನಿಂತಿತು. ದಾರವನ್ನು ಹಲ್ಲಿನಲ್ಲಿ ಕಡಿದಳು. "ಎಲಿ ಮಾತ ಬಿಡು. ಆ ಹೊತ್ತಿನ್ಯಾಗ ನೀ ನನ್ನ ತಮ್ಮ ಇದ್ದಿಲ್ಲ ನೋಡು. ನನಗ ಅದ ಅಂಜಿಕಿ ಆತು. ಮತ್ತ ಹಂಗ ಆಗೂದಿದ್ರ ಆಟಾನ ಬ್ಯಾಡ. ಕಾರ್ಯಕ್ಕ ಬಾ, ಉಣ್ಣು, ಹೋಗು."

ನಾನು ಗೆಳೆಯ ಜೇಬಿನಲ್ಲಿ ತಂದಿದ್ದ ಚೀಟಿ ಪುಸ್ತಕದ ಹಾಳೆ ಹರಿದು ನನ್ನ ಮೂರು ಗುರುತು ಬರೆದು ಅವಳ ಕೈಗೆ ಕೊಟ್ಟೆ. ಇದರಲ್ಲಿ ಒಂದು ಕಂಡರೂ ಹೇಳು, ಆಟದಿಂದ ಏಳುತ್ತೇನೆ, ವಾದ ಮಾಡುವುದಿಲ್ಲ ಎಂದೆ. ಅವಳು ಓದಿ ಮೊದಲ ಸಲ ನಕ್ಕಳು. "ಕಿವಿ ತಿಕ್ಕೊಳ್ಳೂದು ಸಣ್ಣಾವಿದ್ದಾಗಿಂದ ಐತಿ. ಅವ್ವ ಬೈದಾಗ ತಿಕ್ಕೋತಿದ್ದಿ." ಆಮೇಲೆ ಒಳಗಿದ್ದ ಮಾವನಿಗೆ ಕೂಗಿದಳು: "ಕೇಳ್ತೇನ್ರಿ, ಆ ಆಟೋ ತಗೀರಿ! ಭಾನುವಾರ ಕೈಲೆ ಹಾಕ್ರಿ ಮೋಟರ್."

"ಐತವಾರ ಒಂದ ದಿನ ನನಗ ಆರಾಮಿತ್ತು," ಮಾವ ಗೊಣಗಿದ. "ಅದೂ ಹೋತು ಈ ಮಾಸ್ತರನ ಕಾಲಾಗ."

ಆಮೇಲೆ ಎಲ್ಲರೂ ತಮ್ಮ ತಮ್ಮ ಗುರುತು ಬರೆದರು. ಮಾವನ ಚೀಟಿ ಗೆಳೆಯನ ಹತ್ತಿರ, ಗೆಳೆಯನದು ಮಾವನ ಹತ್ತಿರ, ಅಕ್ಕನದು ನನ್ನ ಹತ್ತಿರ. ಅಕ್ಕ ಒಂದೇ ಸಾಲು ಬರೆದಿದ್ದಳು: ನಾನು ಬಹಳ ಮೆತ್ತಗೆ ಮಾತಾಡಿದರೆ ಎಬ್ಬಿಸು. ಡಬ್ಬಿಯಿಂದ ಎರಡನೆಯ ಪಾಲು ಬೇಕಾದವನು ಮೊದಲು ಎದ್ದು ಶೆಡ್ಡಿಗೆ ಒಂದು ಸುತ್ತು ಹಾಕಿ ಬರಬೇಕು ಎಂದೂ ಗೊತ್ತುಪಡಿಸಿದೆವು. ಬಂದು, ಸೋತ ಕೈಯಲ್ಲಿ ಯಾರು ಎಷ್ಟು ಹಾಕಿದರು ಎಂದು ಹೇಳಬೇಕು. ಹೇಳಲಾಗದಿದ್ದರೆ ಅಂದಿನ ಆಟ ಅವನಿಗೆ ಮುಗಿದಂತೆ.

ಅದಾದ ಎರಡು ವಾರಕ್ಕೋ ಮೂರು ವಾರಕ್ಕೋ ನನಗೆ ಮತ್ತೆ ಹೊಡೆತ ಬಿತ್ತು. ಈ ಸಲ ಮಾವನಿಂದ, ಮತ್ತೆ ಕೊನೆಯ ಎಲೆಗೆ. ಅಕ್ಕ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು. ಇಲ್ಲ, ತಂಬಿಗೆಗೆ ನಾನೇ ಕೈ ಚಾಚಿದೆ ಎನ್ನುತ್ತಾಳೆ ಅವಳು. ತನ್ನ ಕೈ ಸೆರಗಿನೊಳಗೆ ಚೀಟಿ ಹಿಡಿದುಕೊಂಡಿತ್ತಂತೆ. ನಾನು ಒಂದೇ ಒಂದು ಸಂಗತಿಗೆ ಆಣೆ ಮಾಡಬಲ್ಲೆ: ನನ್ನ ಬಲಗೈ ಕಿವಿಯ ಮೇಲಿತ್ತು, ಅದು ಅಲ್ಲಿರುವುದು ನನಗೆ ಗೊತ್ತಾಯಿತು.

ಎದ್ದೆ. ಶೆಡ್ಡಿನ ಸುತ್ತ ನಡೆದೆ. ಮಾವ ಎಷ್ಟು ಹಾಕಿದ್ದ? ಗೆಳೆಯ ಮೊದಲೇ ಬಿಟ್ಟಿದ್ದನೋ, ನಂತರವೋ? ಹೊಳೆಯಲಿಲ್ಲ. ಇನ್ನೊಂದು ಸುತ್ತು ಹಾಕಿದರೆ ಹೊಳೆಯಬಹುದು ಎನಿಸಿತು. ಆ ಯೋಚನೆಯಲ್ಲೂ 'ಲಗೂನ' ಎಂಬ ದನಿ ಇತ್ತು. ಬಾಗಿಲಲ್ಲಿ ನಿಂತು, "ನಂದು ಮುಗೀತು," ಎಂದೆ.  ಏಳುವುದರಿಂದ ಕೋಪ ಹೋಗುವುದಿಲ್ಲ. ಅದರ ಕೈಗೆ ಎಲೆ ಸಿಗುವುದಿಲ್ಲ, ಅಷ್ಟೇ.

"ಇನ್ನ ನಾಕೂ ಆಗಿಲ್ಲಲೇ!" ಎಂದ ಗೆಳೆಯ.

"ಬಿಡ್ರಿ ಅವಗ," ಎಂದಳು ಅಕ್ಕ.

ಹೊರಗೆ ಬಳ್ಳಿಯ ಸಾಲಿನ ತುದಿಯ ಕಲ್ಲಿನ ಮೇಲೆ ಕುಳಿತೆ. ಒಳಗೆ ಗುಂಡಿಗಳ ಸದ್ದು, ಮಾವನ ನಗು. ಬಹಳ ಹೊತ್ತು ಕಳೆದಂತೆ ಅನಿಸಿತು. ಕಾಲು ತಾಸೂ ಇರಲಿಲ್ಲವೇನೋ. ಕಂಬದ ದೀಪ ಹತ್ತಿತು, ಆಟ ಎದ್ದಿತು, ಮಾವ ಮೋಟರಿನ ಕಡೆ ಹೋದ. ಅಕ್ಕ ಬಟ್ಟಲಲ್ಲಿ ಒಣದ್ರಾಕ್ಷಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಹನಿ ಪೈಪು ಮೆಲ್ಲಗೆ ಉಬ್ಬಿ, ನಮ್ಮ ಕಾಲ ಬುಡದಲ್ಲಿ ಮೊದಲ ಹನಿ ಬಿತ್ತು.

"ಏನಿತ್ತು ಕೈಯಾಗ?" ಎಂದು ಕೇಳಿದಳು.

ಹೇಳಲು ಬಾಯಿ ತೆರೆದೆ. ಎರಡು ಎಕ್ಕಾ ಎಂದು ಬರುತ್ತಿತ್ತು. ಇರಲಿಲ್ಲವೇನೋ ಎಂದು ಈಗಲೂ ಅನುಮಾನ.

"ಪುಸ್ತಕದಾಗ ಐತಿ," ಎಂದೆ.

ಅವಳು ನನ್ನ ಕೈಗೆ ನಾಲ್ಕು ದ್ರಾಕ್ಷಿ ಹಾಕಿದಳು. "ಮುಂದಿನ ವಾರ ಹತ್ತಕ್ಕ ಫೋನ್ ಹಚ್ತೀನಿ," ಎಂದಳು. "ಎತ್ತು."