ಕೆಳಗಿನಿಂದ ಮೇಲಕ್ಕೆ ಓದಿದ ಬೈನರಿ

ಹಳಿಯಾಳದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಮೂರು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷಕ್ಕೊಮ್ಮೆ ಅವರು ಕರೆಯಬೇಕು, ಕರೆಯದಿದ್ದರೆ ನಾನು ದಾಂಡೇಲಿಯ ಮನೆಯಲ್ಲೇ ಕೂತಿರಬೇಕು. ಆ ಸಲ ವಿಭಾಗದ ಮುಖ್ಯಸ್ಥರು ತಮ್ಮೆದುರು ತರಗತಿಗೆ ಒಂದು ಪಾಠ ಮಾಡಿ ತೋರಿಸಬೇಕೆಂದರು. ಹಿಡಿಸಿದರೆ ಮಾತ್ರ ಮುಂದಿನ ವರ್ಷದ ಆದೇಶ.

ನಾನೇನೂ ಹೆದರಲಿಲ್ಲ. ದಶಮಾಂಶವನ್ನು ಬೈನರಿಗೆ, ಅಂದರೆ ಬರೀ 0 ಮತ್ತು 1ರ ಬರಹಕ್ಕೆ, ಬದಲಿಸುವ ಪಾಠ ನನಗೆ ನೀರು ಕುಡಿದಷ್ಟು ಸಲೀಸು. ಬೋರ್ಡಿನ ಮೇಲೆ 0.625 ಬರೆದೆ. ಎರಡರಿಂದ ಗುಣಿಸಿದರೆ 1.25, ಬಿಂದುವಿನ ಎಡಕ್ಕಿರುವ 1 ಪಕ್ಕಕ್ಕೆ. ಉಳಿದ 0.25 ಅನ್ನು ಗುಣಿಸಿದರೆ 0.5, ಪಕ್ಕಕ್ಕೆ 0. ಮತ್ತೆ ಗುಣಿಸಿದರೆ 1.0, ಪಕ್ಕಕ್ಕೆ 1, ಉಳಿದದ್ದು ಸೊನ್ನೆ, ಲೆಕ್ಕ ಮುಗಿಯಿತು. ಪೂರ್ಣ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಹೋದಾಗ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವಲ್ಲ, ಇಲ್ಲೂ ಹಾಗೇ ಬಾಣ ಎಳೆದು 0.101 ಎಂದೆ. ಮುಖ್ಯಸ್ಥರು ತಲೆಯಾಡಿಸಿದರು.

"ಇನ್ನೊಂದ್ ಮಾಡ್ರಿ," ಎಂದರು. "0.375 ತಗೋರಿ."

ನಮ್ಮಲ್ಲಿ ಯಾರೂ 0.625 ಬಿಟ್ಟು ಬೇರೆ ಲೆಕ್ಕ ಕೊಟ್ಟವರಲ್ಲ. ಆದರೂ ಠೀವಿಯಿಂದ ಗುಣಿಸಿದೆ. 0.75, ಪಕ್ಕಕ್ಕೆ 0. 1.5, ಪಕ್ಕಕ್ಕೆ 1. 1.0, ಪಕ್ಕಕ್ಕೆ 1. ಬಾಣ ಕೆಳಗಿನಿಂದ ಮೇಲಕ್ಕೆ. ಉತ್ತರ 0.110.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಸಂತೆಯಲ್ಲಿ ಅವ್ವನ ಜೊತೆ ಮೆಣಸಿನಕಾಯಿ ತೂಗಿ ಮಾರುವವಳು.

"ಮೇಡಂ, ಬಿಂದು ಆದ್ ಮ್ಯಾಲೆ ಮೊದಲನೇದು ಅರ್ಧ ಕಿಲೋ, ಎರಡನೇದು ಪಾವ್ ಅಂದ್ರ ಕಾಲು ಕಿಲೋ, ಮೂರನೇದು ಅರ್ಧ ಪಾವ್, ಹೌದಲ್ರಿ?"

"ಹೌದು."

"ಹಂಗಾದ್ರ ನಿಮ್ದು ಅರ್ಧ ಕಿಲೋ, ಪಾವ್ ಕಿಲೋ ಕೂಡಿ ಮುಕ್ಕಾಲು ಕಿಲೋ ಆತ್ರಿ. ಗಿರಾಕಿ ಕೇಳಿದ್ದು ಅರ್ಧಕ್ಕಿಂತ ಕಮ್ಮಿ. ಪಾವ್‌ಗೆ ಅರ್ಧ ಪಾವ್ ಕೂಡಿಸಿದ್ರ ಸಾಕಿತ್ರಿ."

"ಕೂಡವ್ವಾ, ಮೇಡಂ ಹೇಳಿದ್ದು ಬರೋಬ್ಬರಿ ಐತಿ," ಎಂದರು ಮುಖ್ಯಸ್ಥರು. ಆಮೇಲೆ ತಾವೂ ಬೆರಳು ಮಡಚಿ ಎಣಿಸಿದರು. ಮುಖ ಬಾಡಿತು.

ನನ್ನ ಕಿವಿ ಬಿಸಿಯಾಯಿತು. ಮೇಲಿನಿಂದ ಕೆಳಗೆ ಓದಿದರೆ 0.011, ಅವಳ ತೂಕಕ್ಕೆ ಸರಿಯಾಗಿ! 101 ಎತ್ತಲಿಂದ ಓದಿದರೂ 101 ಆದ್ದರಿಂದ ಮೂರು ವರ್ಷ ನನ್ನ ತಪ್ಪು ಸುಖವಾಗಿ ಬಾಳಿತ್ತು. ಕೆಲಸ ಹೋಯಿತು ಅಂದುಕೊಂಡೆ. ಅವಮಾನಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಮುಖ್ಯಸ್ಥರು ಎದ್ದು ನಿಂತು ಗುಡುಗಿದರು: "ಕೆಳಗಿಂದ ಮ್ಯಾಲೆ ಓದಬೇಕಂತ ನಿಮಗ ಕಲಿಸಿದ ಶಾಣ್ಯಾ ಯಾರ್ರಿ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ನೀವ ಸರ್. ಇದ ಖೋಲಿ, ಇದ ಬೋರ್ಡು. ನಾ ಎರಡನೇ ಬೆಂಚಿನ್ಯಾಗ ಕೂಡ್ತಿದ್ದೆ."

ಅವರು ಜೇಬಿನಿಂದ ಪೆನ್ನು ತೆಗೆದು, ನನ್ನ ಆದೇಶದ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು.

"ಹೊರಗ ಯಾರಿಗೂ ಹೇಳಬ್ಯಾಡ್ರಿ," ಎಂದು ಮೆಲ್ಲಗೆ ಅಂದವರು, ಸೀಮೆಸುಣ್ಣವನ್ನು ಆ ಹುಡುಗಿಯ ಕೈಗೆ ಕೊಟ್ಟು ಅವಳ ಜಾಗದಲ್ಲಿ ಹೋಗಿ ಕೂತರು.