ಭೂತಗನ್ನಡಿ ನೋಡಿದ ಡಬ್ಬಿ

ಜಿಮ್ಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ‘ಅಣ್ಣ’, ಹಿಂದಿನಿಂದ ‘ಭೂತಗನ್ನಡಿ’. ಆ ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ಒಳಗೊಳಗೇ ಹಿಗ್ಗಿದ್ದ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೆವರು, ರಬ್ಬರು ನಾರುವ ಆ ಹಾಲಿನಲ್ಲಿ ಕಸರತ್ತು ಹೇಳಿಕೊಡುವುದು ಅವನ ಸಂಬಳದ ಕೆಲಸ. ಪ್ರೋಟೀನ್ ಪುಡಿಯ ಡಬ್ಬಿ, ವಿಟಮಿನ್ ಡಬ್ಬಿಗಳ ಫೋಟೋ ನೋಡಿ ಅಸಲಿಯೋ ನಕಲಿಯೋ ಹೇಳುವುದು ಅವನ ಗತ್ತಿನ ಕೆಲಸ. ಎರಡನೆಯದಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಆದರೆ ಅವನು ಬದುಕುತ್ತಿದ್ದದ್ದೇ ಅದಕ್ಕಾಗಿ.

ಜಿಮ್ಮಿನ ವಾಟ್ಸಾಪ್ ಗುಂಪಿಗೆ ಯಾರಾದರೂ ಡಬ್ಬಿಯ ಫೋಟೋ ಹಾಕಿದರೆ ಸಾಕು, ಎರಡು ಬೆರಳಲ್ಲಿ ಅಗಲಿಸಿ ನೋಡುತ್ತಿದ್ದ. ಮುಚ್ಚಳದ ಸುತ್ತ ಬಿಗಿಹಿಡಿದ ಪ್ಲಾಸ್ಟಿಕ್ ಪಟ್ಟಿ ಇದೆಯೇ? ಮುಚ್ಚಳ ತೆಗೆದರೆ ಒಳಗಿನ ಬೆಳ್ಳಿಹಾಳೆ ಅಂಚಿಗೆ ಸುತ್ತಲೂ ಒಂದೇ ಸಮ ಬೆಸೆದುಕೊಂಡಿದೆಯೇ, ಇಲ್ಲಾ ಗೋಂದು ಹಚ್ಚಿ ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗೆ ಸುಕ್ಕುಸುಕ್ಕಾಗಿದೆಯೇ? ಬ್ಯಾಚ್ ನಂಬರು ಪುಡಿ ತುಂಬಿದ ಮೇಲೆ ಯಂತ್ರ ಚುಕ್ಕೆಚುಕ್ಕೆಯಾಗಿ ಹೊಡೆದದ್ದೋ, ಲೇಬಲ್ಲಿನ ಜೊತೆಗೇ ಅಚ್ಚಾಗಿ ಬಂದದ್ದೋ? ಆಮದು ಮಾಡಿದವನ ಚೀಟಿಯ ಮೇಲಿನ ತಾರೀಖು ಡಬ್ಬಿಯ ತಾರೀಖಿಗೆ ತಾಳೆಯಾಗುತ್ತದೆಯೇ? ನೋಡಿ ಮುಗಿಸಿ ಒಂದೇ ಪದದ ತೀರ್ಪು ಹಾಕುತ್ತಿದ್ದ. ‘ಅಸಲಿ.’ ಇಲ್ಲವೇ ‘ಕಳ್ಳಮಾಲು.’

ತೀರ್ಪು ಸರಿಯಿರುತ್ತಿತ್ತು, ಆ ಮಾತು ಒಪ್ಪಲೇಬೇಕು. ಆದರೆ ಅವನಿಗೆ ಸರಿಯಾಗಿರುವುದಷ್ಟೇ ಸಾಲುತ್ತಿರಲಿಲ್ಲ, ಎದುರಿಗಿದ್ದವನು ಕುಗ್ಗಬೇಕಿತ್ತು. ಒಮ್ಮೆ ಕೆಳಗಿನ ಎಟಿಎಮ್ಮಿನ ಕಾವಲುಗಾರ ಹೆಂಡತಿಗೆ ಮೈಗೆ ಹತ್ತಲಿ ಅಂತ ಒಂದು ಡಬ್ಬಿ ತಂದು, ಸಂಕೋಚದಿಂದಲೇ ತೋರಿಸಲು ಮೇಲೆ ಹತ್ತಿದ್ದ. ಭೂತಗನ್ನಡಿ ಅದನ್ನು ಎತ್ತಿ ಹಿಡಿದು ಇಡೀ ಹಾಲಿಗೆ ಕೇಳುವಂತೆ ಓದಿದ: “ಮೂವತ್ತು ಗ್ರಾಂ ಚಮಚಕ್ಕೆ ಮೂವತ್ತು ಗ್ರಾಂ ಪ್ರೋಟೀನ್ ಅಂತೆ! ರುಚಿ ಎಲ್ಲಿಂದ ಬಂತಪ್ಪಾ, ಬಣ್ಣ ಎಲ್ಲಿಂದ ಬಂತು, ಗಾಳಿಯಿಂದಾನಾ? ಜೊತೆಗೆ ಸಕ್ಕರೆ ಕಾಯಿಲೇನೂ ವಾಸಿ ಮಾಡತ್ತಂತೆ. ಇದನ್ನ ಹೆಂಡ್ತಿಗೆ ಕುಡಿಸಬೇಡ, ಗೋಡೆಗೆ ಬಳಿ.” ಇಡೀ ಹಾಲೇ ನಕ್ಕಿತು. ಕಾವಲುಗಾರನೂ ನಕ್ಕ, ನಗದೆ ಇನ್ನೇನು ಮಾಡಿಯಾನು. ಆಮೇಲೆ ಅವನು ಮಹಡಿ ಹತ್ತಲಿಲ್ಲ.

ಗುಂಪಿಗೆ ಅವನು ಕಲಿಸಿದ ಒಂದು ಸೂತ್ರವಿತ್ತು. ಒಳ್ಳೆಯ ಕಂಪನಿಗಳ ಡಬ್ಬಿಯ ಮಗ್ಗುಲಲ್ಲಿ ಬೆಳ್ಳಿ ಬಣ್ಣದ ಒಂದು ಪಟ್ಟಿ ಇರುತ್ತದೆ. ನಾಣ್ಯದಿಂದ ಗೀಚಿದರೆ ಕೆಳಗೆ ಅಂಕಿಗಳು. ಅವನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಮೊದಲ ಸಲ ‘ಅಸಲಿ’ ಎಂದು ಬರುತ್ತದೆ. ಅದೇ ಅಂಕಿಗಳನ್ನು ಮತ್ತೆ ಯಾರೇ ಹಾಕಲಿ, ‘ಈ ಕೋಡ್ ಈಗಾಗಲೇ ಪರೀಕ್ಷೆಯಾಗಿದೆ, ಎಚ್ಚರ’ ಎಂದು ಕೆಂಪಕ್ಷರ ಬರುತ್ತದೆ. ಕಳ್ಳರು ಒಂದು ಅಸಲಿ ಕೋಡನ್ನೇ ಸಾವಿರ ನಕಲಿ ಡಬ್ಬಿಗೆ ಅಚ್ಚು ಹಾಕುತ್ತಾರಲ್ಲ, ಅವರನ್ನು ಹಿಡಿಯಲು ಈ ಉಪಾಯ. “ಕೆಂಪು ಬಂತಾ? ಮುಗೀತು. ದೇವರೇ ಬಂದು ಅಸಲಿ ಅಂದ್ರೂ ನಂಬಬೇಡಿ,” ಎನ್ನುತ್ತಿದ್ದ ಭೂತಗನ್ನಡಿ. ಗುಂಪಿನವರಿಗೆ ಅದು ಬಾಯಿಪಾಠವಾಗಿತ್ತು.

ಅವನಿಗೊಬ್ಬಳು ತಂಗಿ. ಅವಳ ಗಂಡ ಮಾತು ಕಡಿಮೆಯ, ಹಸುವಿನಂಥ ಮನುಷ್ಯ. ಇದ್ದ ಪ್ಯಾಕಿಂಗ್ ಕೆಲಸ ಹೋದಾಗ ಏನು ಮಾಡಲಿ ಎಂದು ಕೇಳಿದ್ದು ಭೂತಗನ್ನಡಿಯನ್ನೇ. “ಪ್ರೋಟೀನ್ ಅಂಗಡಿ ಇಡು. ಅಸಲಿ ಮಾಲು ಮಾತ್ರ ತರಿಸು, ಗಿರಾಕಿ ಕಳಿಸೋದು ನನಗೆ ಬಿಡು,” ಎಂದಿದ್ದ ಇವನು. ಜಿಮ್ಮಿನ ಎದುರು ಸಾಲಿನಲ್ಲೇ ಅಂಗಡಿಯಾಯಿತು. ತಂಗಿ ಗಲ್ಲಾದಲ್ಲಿ ಕೂತಳು. ಅವಳ ಗಂಡ ಕಂಪನಿಯ ಅಧಿಕೃತ ವಿತರಕನನ್ನು ಬಿಟ್ಟು ಬೇರೆಯವರಿಂದ ಒಂದು ಡಬ್ಬಿಯನ್ನೂ ಕೊಂಡವನಲ್ಲ. ಬಂದ ಪ್ರತಿ ಡಬ್ಬಿಯನ್ನೂ ತಲೆಕೆಳಗು ಮಾಡಿ, ಬ್ಯಾಚ್ ನಂಬರನ್ನು ಪೆಟ್ಟಿಗೆಯ ಮೇಲಿನದಕ್ಕೆ ಹೋಲಿಸಿ, ಆಮೇಲೆ ಕಪಾಟಿಗೆ ಏರಿಸುತ್ತಿದ್ದ. ಎರಡು ವರ್ಷ ಅಂಗಡಿ ಚೆನ್ನಾಗಿಯೇ ನಡೆಯಿತು.

ಒಂದು ದಿನ ಕಾರ್ ಶೋರೂಮಿನ ಮ್ಯಾನೇಜರ್ ಅದೇ ಅಂಗಡಿಯಿಂದ ದೊಡ್ಡ ಡಬ್ಬಿಯೊಂದನ್ನು ಕೊಂಡ. ಜಿಮ್ಮಿನಲ್ಲಿ ಅವನದು ದೊಡ್ಡ ಗಂಟಲು, ಹಿಂದೆ ನಾಲ್ಕು ಜನ ಬಾಲ. ಡಬ್ಬಿ ತೆರೆದು, ಬೆಳ್ಳಿ ಪಟ್ಟಿ ಗೀಚಿ, ಎಲ್ಲ ಮಗ್ಗುಲಿನ ಫೋಟೋ ತೆಗೆದು ಮಧ್ಯಾಹ್ನ ಭೂತಗನ್ನಡಿಗೆ ಕಳಿಸಿದ: “ಅಣ್ಣಾ, ನೋಡಿ ಹೇಳಿ.”

ಭೂತಗನ್ನಡಿ ಜಿಮ್ಮಿನ ಬಾಗಿಲಲ್ಲಿ ಕೂತು ಊಟ ಮಾಡುತ್ತಾ ಎಡಗೈಯಲ್ಲಿ ಫೋಟೋ ಅಗಲಿಸಿದ. ಬೆಳ್ಳಿಹಾಳೆ ಸರಿ. ಬ್ಯಾಚ್ ಚುಕ್ಕೆ ಸರಿ, ಚೀಟಿಯ ತಾರೀಖು ಸರಿ. ಮೂವತ್ತು ಗ್ರಾಮಿಗೆ ಇಪ್ಪತ್ತನಾಲ್ಕು ಪ್ರೋಟೀನ್, ಅದೂ ಸರಿ. ಗೀಚಿದ ಅಂಕಿಗಳು ಫೋಟೋದಲ್ಲಿ ಫಳಫಳ ಕಾಣುತ್ತಿದ್ದವು. ಕೈ ಸುಮ್ಮನಿರಲಿಲ್ಲ, ವೆಬ್‌ಸೈಟಿನಲ್ಲಿ ಹಾಕಿದ. ‘ಅಸಲಿ’ ಎಂದು ಹಸಿರು ಬಂತು. ಉತ್ತರ ಬರೆಯಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಯಾರೋ ಭಾರ ಎತ್ತಲಾರದೆ ಕೂಗಿದರು. ಎದ್ದು ಹೋದ. ಉತ್ತರ ಅಲ್ಲೇ ಮರೆತುಹೋಯಿತು.

ಸಂಜೆಯವರೆಗೆ ಕಾದ ಮ್ಯಾನೇಜರ್ ತಾನೇ ಕೋಡ್ ಹಾಕಿ ನೋಡಿದ. ಕೆಂಪು ಬಂತು. ಆ ಪರದೆಯ ಚಿತ್ರವನ್ನೇ ಗುಂಪಿಗೆ ಹಾಕಿ ಬರೆದ: “ಅಣ್ಣನ ಭಾವಮೈದುನನ ಅಂಗಡಿ. ನಮ್ಮ ಹೊಟ್ಟೆಗೆ ಏನು ಹಾಕ್ತಿದ್ದಾನೋ ದೇವರಿಗೇ ಗೊತ್ತು!”

ಭೂತಗನ್ನಡಿ ಆ ಚಿತ್ರವನ್ನು ಅಗಲಿಸಿ ನೋಡಿದ. ಕೆಂಪಕ್ಷರದ ಕೆಳಗೆ ಸಣ್ಣದಾಗಿ, ‘ಮೊದಲ ಪರೀಕ್ಷೆ: ಇಂದು ಮಧ್ಯಾಹ್ನ 1:20’ ಎಂದಿತ್ತು. ಅದು ತಾನು ಊಟಕ್ಕೆ ಕೂತ ಹೊತ್ತು. ಕೋಡನ್ನು ಕೆಡಿಸಿದ್ದು ತಾನೇ. ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು, ‘ಮೊದಲು ನೋಡಿದ್ದು ನಾನು, ಡಬ್ಬಿ ಅಸಲಿ’ ಅಂತ. ಬರೆದ ಕೂಡ. ಕಳಿಸುವ ಮೊದಲು ಓದಿದ. ಭೂತಗನ್ನಡಿಗೇ ಇಷ್ಟು ತಿಳಿಯಲಿಲ್ಲವೇ ಎಂದು ನಗುವ ಮುಖಗಳು ಕಣ್ಣ ಮುಂದೆ ಬಂದವು. ಅದಕ್ಕೂ ಮಿಗಿಲಾಗಿ, ಈಗ ಹೇಳಿದರೆ ತಂಗಿಯ ಗಂಡನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾನೆ ಅನ್ನುತ್ತಾರೆ, ಕಳ್ಳಮಾಲಿನಲ್ಲಿ ಪಾಲಿದೆ ಅನ್ನುತ್ತಾರೆ. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಗುಂಪು ಕಟ್ಟಿಕೊಂಡು ಅಂಗಡಿಗೆ ಹೊರಟ. ಭೂತಗನ್ನಡಿಯ ಹೆಗಲ ಮೇಲೆ ಕೈ ಹಾಕಿ ಅವನನ್ನೂ ಎಳೆದುಕೊಂಡ. “ಅಣ್ಣ ನ್ಯಾಯ ಹೇಳ್ಲಿ. ಸಂಬಂಧ ನೋಡೋರಲ್ಲ ನಮ್ಮಣ್ಣ.”

ಅಂಗಡಿಯ ಮುಂದೆ ಆಗಲೇ ಜನ ನೆರೆದಿತ್ತು. ಒಬ್ಬ ಮೊಬೈಲ್ ಎತ್ತಿ ಚಿತ್ರೀಕರಿಸುತ್ತಿದ್ದ. ತಂಗಿಯ ಗಂಡ ವಿತರಕನ ಬಿಲ್ಲು ಹಿಡಿದು ಒಬ್ಬೊಬ್ಬರ ಮುಂದೂ ನಿಲ್ಲುತ್ತಿದ್ದ. “ನೋಡಿ ಸಾರ್, ಇದೇ ಬ್ಯಾಚು, ಇದೇ ನಂಬರು.” “ಬಿಲ್ಲು ಯಾರು ಬೇಕಾದ್ರೂ ಮಾಡಿಸ್ತಾರೆ, ಹೋಗಯ್ಯಾ,” ಎಂದು ಒಬ್ಬ ಅದನ್ನು ತಟ್ಟಿ ಬೀಳಿಸಿದ. ಆಗ ತಂಗಿಯ ಗಂಡನ ಕಣ್ಣಿಗೆ ಭೂತಗನ್ನಡಿ ಬಿದ್ದ. ಆ ಬಡಪಾಯಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. “ಭಾವ ಬಂದ್ರು! ನನ್ನ ಮಾತು ಬೇಡ, ಭಾವ ಹೇಳ್ಲಿ. ಅವರು ಹೇಳಿದ್ದೇ ಆಖೈರು. ನೋಡಿ ಭಾವ, ನಿಧಾನವಾಗಿ ನೋಡಿ.”

ಡಬ್ಬಿ ಕೈಗೆ ಬಂತು. ಭೂತಗನ್ನಡಿ ನಿಧಾನವಾಗಿಯೇ ನೋಡಿದ. ಅಂಚಿನಲ್ಲಿ ಉಳಿದ ಬೆಳ್ಳಿಹಾಳೆಯ ಮೇಲೆ ಬೆರಳಾಡಿಸಿದ, ಸುತ್ತಲೂ ಒಂದೇ ಸಮ. ತಲೆಕೆಳಗು ಮಾಡಿ ಬ್ಯಾಚ್ ಓದಿದ. ಎಲ್ಲವೂ ಚಿನ್ನದಂಥ ಅಸಲಿ. ಗಲ್ಲಾದ ಹಿಂದೆ ತಂಗಿ ಎದ್ದು ನಿಂತಿದ್ದಳು, ಅವಳಿಗೆ ಹೆದರಿಕೆಯೇ ಇರಲಿಲ್ಲ. ಅಣ್ಣ ಬಂದಮೇಲೆ ಹೆದರಿಕೆ ಯಾಕೆ?

“ಹೇಳಿ ಅಣ್ಣ,” ಎಂದ ಮ್ಯಾನೇಜರ್. “ಕೆಂಪು ಬಂದ್ರೆ ಮುಗೀತು ಅಂತ ನೀವೇ ಕಲಿಸಿದ್ದಲ್ವಾ? ಈಗ ಮನೆಯವರು ಅಂತ ಮಾತು ಬದಲಾಯಿಸ್ತೀರಾ?”

ಭೂತಗನ್ನಡಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಕೆಂಪು ಬಂದಿದೆ,” ಎಂದ. “ನಾನೇನು ಹೇಳಲಿ.”

ಅಷ್ಟೇ ಸಾಕಾಯಿತು. ಕಪಾಟಿನ ಡಬ್ಬಿಗಳನ್ನು ರಸ್ತೆಗೆ ಎಸೆದರು. ಮುಚ್ಚಳ ಒಡೆದು ಪುಡಿ ಚೆಲ್ಲಿತು. ತಂಗಿಯ ಗಂಡನನ್ನು ಕತ್ತು ಹಿಡಿದು ಬಗ್ಗಿಸಿ, ಆ ಪುಡಿಯನ್ನೇ ಬಾಯಿಗೆ ತುರುಕಿ, “ತಿನ್ನು, ನೀನೇ ತಿನ್ನು,” ಎಂದರು. ಅವನು ಕೆಮ್ಮುತ್ತಾ ಭಾವನ ಕಡೆಗೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಸಿಟ್ಟಿರಲಿಲ್ಲ, ತನ್ನ ಡಬ್ಬಿಯಲ್ಲೇ ಏನೋ ತಪ್ಪಿರಬೇಕು ಎಂದು ಅವನೇ ನಂಬತೊಡಗಿದ್ದ. ಭಾವನ ಕಣ್ಣು ತಪ್ಪುವುದುಂಟೇ?

ಆ ವೀಡಿಯೊ ಸುತ್ತಲ ಬೀದಿಗಳಿಗೆಲ್ಲ ಹಬ್ಬಿತು. ಮಾಲೀಕ ಅಂಗಡಿ ಬಿಡಿಸಿದ. ತನ್ನ ಹೆಸರೂ ಕೆಟ್ಟೀತೆಂದು ವಿತರಕ ಮಾಲು ಕೊಡುವುದನ್ನು ನಿಲ್ಲಿಸಿದ. ತಂಗಿಯ ಗಂಡ ಈಗ ಸಿಮೆಂಟ್ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಮನೆಯಲ್ಲಿ ಹಾಲಿನ ಪ್ಯಾಕೆಟ್ ತಂದರೂ ತಿರುಗಿಸಿ ತಾರೀಖು ನೋಡುತ್ತಾನೆ, ನೋಡಿದ ಮೇಲೂ ಹೆಂಡತಿಗೆ ಕೊಟ್ಟು, “ಸರಿಯಾಗಿದೆಯಾ ನೋಡೇ, ನನಗೆ ಗೊತ್ತಾಗಲ್ಲ,” ಎನ್ನುತ್ತಾನೆ.

ಭೂತಗನ್ನಡಿಯ ಗತ್ತು ಮಾತ್ರ ಇಮ್ಮಡಿಯಾಯಿತು. ಸ್ವಂತ ತಂಗಿಯ ಮನೆಗೂ ದಯೆ ತೋರದ ನ್ಯಾಯವಂತ ಎಂದು ಜನ ಹೊಗಳಿದರು. ಫೋಟೋಗಳು ಬರುತ್ತಲೇ ಇದ್ದವು. ಆದರೆ ಗೀಚಿದ ಅಂಕಿಗಳು ಕಂಡರೆ ಅವನು ಈಗ ಆ ಫೋಟೋವನ್ನೇ ಮುಚ್ಚಿಬಿಡುತ್ತಿದ್ದ. ಕೊನೆಗೆ ಒಂದು ಸಂಜೆ ಗುಂಪಿಗೆ ಹೊಸ ಸೂತ್ರವೊಂದನ್ನು ಬರೆದ: “ಇನ್ನು ಮೇಲೆ ಡಬ್ಬಿಯ ಫೋಟೋ ಕಳಿಸುವಾಗ ಗೀಚಿದ ಕೋಡ್ ಮೇಲೆ ಬೆರಳಿಟ್ಟು ಮುಚ್ಚಿ. ಬೇರೆ ಯಾರಾದರೂ ಮೊದಲು ಹಾಕಿ ನೋಡಿಬಿಟ್ಟರೆ ಅಸಲಿ ಡಬ್ಬಿಗೂ ಕೆಂಪು ಬರುತ್ತದೆ.”

“ಎಂಥಾ ತಲೆ ಅಣ್ಣಂದು!” ಎಂದು ಬರೆದ ಮ್ಯಾನೇಜರ್. ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಿದ್ದವು. ಅಂಗಡಿಗೆ ಹೋಗಿ ಪುಡಿ ತುರುಕಿದವರಲ್ಲಿ ಒಬ್ಬನಿಗೂ ಏನೂ ಹೊಳೆಯಲಿಲ್ಲ.

ಅಂಗಡಿ ಇಟ್ಟ ಹೊಸದರಲ್ಲಿ ಗಿರಾಕಿಗಳಿಗೆ ಅನುಕೂಲವಾಗಲಿ ಅಂತ ಗಂಡನ ಜೊತೆ ತಂಗಿಯನ್ನೂ ಆ ಗುಂಪಿಗೆ ಸೇರಿಸಿದ್ದು ಭೂತಗನ್ನಡಿಯೇ. ಗಂಡನನ್ನು ಅಂದೇ ಗುಂಪಿನಿಂದ ಹೊರಹಾಕಿದ್ದರು, ಇವಳು ಇರುವುದು ಯಾರಿಗೂ ನೆನಪಿರಲಿಲ್ಲ. ಅವಳು ಆ ಸೂತ್ರವನ್ನು ಓದಿದಳು. ಆಮೇಲೆ ಹಿಂದಕ್ಕೆ ಹೋಗಿ, ಮ್ಯಾನೇಜರ್ ಹಾಕಿದ್ದ ಆ ಹಳೆಯ ಕೆಂಪು ಚಿತ್ರವನ್ನು ಹುಡುಕಿ, ಅಣ್ಣ ಮಾಡುವ ಹಾಗೆಯೇ ಎರಡು ಬೆರಳಲ್ಲಿ ಅಗಲಿಸಿ, ಮೊದಲ ಪರೀಕ್ಷೆ ಆದ ಹೊತ್ತನ್ನು ಓದಿದಳು.

ಮರುದಿನ ಜಿಮ್ಮಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅಳು ಇಲ್ಲ, ಕೂಗಾಟ ಇಲ್ಲ.

“ಅಣ್ಣಾ, ಆ ಮ್ಯಾನೇಜರ್ ಗುಂಪಿಗೆ ಕೆಂಪು ಚಿತ್ರ ಹಾಕೋ ಮುಂಚೆ ಡಬ್ಬಿ ಫೋಟೋ ಯಾರಿಗೆ ಕಳಿಸಿದ್ದ?”

ಭೂತಗನ್ನಡಿ ಬೆವರು ಒರೆಸಿಕೊಂಡ. “ಯಾರಿಗೋ... ನನಗೆ ನೆನಪಿಲ್ಲ ಕಣಮ್ಮ.”

“ಅವನನ್ನೇ ಕೇಳ್ದೆ. ನಿನಗೊಬ್ಬನಿಗೇ ಅಂದ.”

ಮೇಲಿನಿಂದ ಯಾರೋ “ಅಣ್ಣಾ, ಒಂದು ಡಬ್ಬಿ ನೋಡ್ಬೇಕಿತ್ತು!” ಎಂದು ಕೂಗಿದರು.

“ಹೋಗು, ಕರೀತಿದ್ದಾರೆ,” ಎಂದಳು ತಂಗಿ. “ಅವರಿಗೇನೂ ಹೇಳಲ್ಲ ಬಿಡು. ನಮ್ಮ ಮಾತು ಯಾರು ನಂಬ್ತಾರೆ? ಮನೇಲಿ ನಮ್ಮವರಿಗೂ ಹೇಳಲ್ಲ. ಭಾವನ ಕಣ್ಣು ತಪ್ಪಲ್ಲ ಅಂತ ಈಗ್ಲೂ ಅಂತಾರೆ. ಅದೊಂದಾದ್ರೂ ಇರ್ಲಿ ಅವರಿಗೆ.”

ಅವಳು ರಸ್ತೆ ದಾಟಿದಳು. ಎದುರು ಸಾಲಿನಲ್ಲಿ ಅವಳ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಭೂತಗನ್ನಡಿ ಮೆಟ್ಟಿಲು ಹತ್ತಿ ಹೋಗಿ, ಅವರು ಚಾಚಿದ ಡಬ್ಬಿ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದ. “ಅಸಲಿ,” ಎಂದ. ಎಲ್ಲರೂ ನಂಬಿದರು.